ಎರಡು ಬಗೆಯ ರೀಸೆಟ್: ಒಂದು ಅಪ್‌ಲೋಡ್ ದೋಷದ ಜಾಡಿನಲ್ಲಿ ಟಿಸಿಪಿ ಫ್ಲ್ಯಾಗ್‌ಗಳು

ಕಡತಗಳ ಅಪ್‌ಲೋಡ್ ಸ್ವೀಕರಿಸುವ ಆಂತರಿಕ ಸೇವೆಯೊಂದನ್ನು ನಮ್ಮ ತಂಡ ನೋಡಿಕೊಳ್ಳುತ್ತದೆ. ಅದರ ಸರ್ವರ್ ನಾವೇ ಸಿ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಂ. ನಿಗದಿತ ಮಿತಿಗಿಂತ ದೊಡ್ಡ ಕಡತ ಬಂದರೆ, ಹೆಡರ್ ಓದಿದ ಕೂಡಲೇ 413 ಎಂಬ ಎಚ್‌ಟಿಟಿಪಿ ಉತ್ತರ ಕಳುಹಿಸಿ ಸಂಪರ್ಕವನ್ನು ಮುಚ್ಚುವುದು ಅದರ ಕ್ರಮ. ಆದರೆ ಕಡತ ಕಳುಹಿಸುವ ಕ್ಲೈಂಟ್‌ನ ಲಾಗ್‌ನಲ್ಲಿ 413 ಒಮ್ಮೊಮ್ಮೆ ಮಾತ್ರ ಕಾಣಿಸುತ್ತಿತ್ತು. ಬಹುಪಾಲು ಸಲ ಇರುತ್ತಿದ್ದುದು `Connection reset by peer` ಎಂಬ ಸಾಲು. ಸರ್ವರ್‌ನ ಲಾಗ್ ನೋಡಿದರೆ ಪ್ರತಿ ಸಲವೂ 413 ಕಳುಹಿಸಲಾಗಿದೆ ಎಂದೇ ದಾಖಲಾಗಿತ್ತು. ಎರಡೂ ಲಾಗ್‌ಗಳು ಸರಿಯಾಗಿದ್ದರೆ ನಡುವಿನ ಫೈರ್‌ವಾಲ್ ಉತ್ತರವನ್ನು ನುಂಗಿ ರೀಸೆಟ್ ಕಳುಹಿಸುತ್ತಿರಬೇಕು ಎಂಬ ತೀರ್ಮಾನಕ್ಕೆ ಹೆಚ್ಚಿನವರು ಬಂದಿದ್ದರು. ದೂರು ನೆಟ್‌ವರ್ಕ್ ತಂಡಕ್ಕೆ ಹೋಗುವ ಮೊದಲು ಸರ್ವರ್‌ನಲ್ಲಿಯೇ `tcpdump` ಹಾಕಿ ನೋಡಿದೆವು. ಮೂರು ಹಂತದ ಕೈಕುಲುಕು ಮುಗಿದ ನಂತರದ ಭಾಗ, ವಿಂಡೋ ಮುಂತಾದ ವಿವರಗಳನ್ನು ಬಿಟ್ಟರೆ, ಹೀಗಿತ್ತು. ಇದರಲ್ಲಿ `10.20.1.15` ಕ್ಲೈಂಟ್, `10.20.4.8` ಸರ್ವರ್.

```
10.20.1.15.51844 > 10.20.4.8.8080: Flags [P.], seq 1:312, ack 1, length 311
10.20.1.15.51844 > 10.20.4.8.8080: Flags [.], seq 312:13344, ack 1, length 13032
10.20.4.8.8080 > 10.20.1.15.51844: Flags [.], ack 13344, length 0
10.20.4.8.8080 > 10.20.1.15.51844: Flags [P.], seq 1:196, ack 13344, length 195
10.20.4.8.8080 > 10.20.1.15.51844: Flags [R.], seq 196, ack 13344, length 0
10.20.1.15.51844 > 10.20.4.8.8080: Flags [.], seq 13344:27824, ack 1, length 14480
10.20.4.8.8080 > 10.20.1.15.51844: Flags [R], seq 3908127745, length 0
```

ಚೌಕ ಆವರಣದೊಳಗಿನ ಅಕ್ಷರಗಳೇ ಫ್ಲ್ಯಾಗ್‌ಗಳು. ಟಿಸಿಪಿ ಹೆಡರ್‌ನ 14ನೆಯ ಬೈಟ್‌ನಲ್ಲಿ ಇವು ಒಂದೊಂದು ಬಿಟ್‌ನಂತೆ ಕುಳಿತಿವೆ: ಫಿನ್‌ಗೆ 1, ಸಿನ್‌ಗೆ 2, ರೀಸೆಟ್‌ಗೆ 4, ಪುಶ್‌ಗೆ 8, ಆಕ್‌ಗೆ 16, ಅರ್ಜೆಂಟ್‌ಗೆ 32. ಮೇಲಿನ ಎರಡು ಬಿಟ್‌ಗಳು ದಟ್ಟಣೆಯ ಸೂಚನೆಗೆ ಸಂಬಂಧಿಸಿದವು. ಅವುಗಳ ಮಾತು ಇಲ್ಲಿ ಬೇಡ. `tcpdump` ಆಕ್ ಬಿಟ್ಟನ್ನು ಅಕ್ಷರದಿಂದ ತೋರಿಸದೆ ಒಂದು ಚುಕ್ಕೆಯಿಂದ ತೋರಿಸುತ್ತದೆ. ಕಣ್ಣಿಗೆ ಬೀಳದಷ್ಟು ಸಣ್ಣದಾದ ಆ ಚುಕ್ಕೆಯೇ ಈ ಪ್ರಕರಣದಲ್ಲಿ ಮುಖ್ಯ ಸಾಕ್ಷಿಯಾಯಿತು.

ಆದರೆ ತಂಡದ ಗಮನ ಮೊದಲು ಹೋದದ್ದು ಪುಶ್ ಕಡೆಗೆ. ಮೊದಲ ಸಾಲಿನಲ್ಲಿ `P` ಇದೆ, ಎರಡನೆಯದರಲ್ಲಿ ಇಲ್ಲ; ಹಾಗಾದರೆ ಎರಡನೆಯ ಸೆಗ್ಮೆಂಟ್‌ನ ದತ್ತಾಂಶವನ್ನು ಕರ್ನೆಲ್ ಪ್ರೋಗ್ರಾಂಗೆ ಕೊಡದೆ ಹಿಡಿದಿಟ್ಟುಕೊಂಡಿತೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಪ್ರಶ್ನೆ ಸಹಜವಾದದ್ದೇ. ಕಳುಹಿಸುವವನ ಬಳಿ ಸದ್ಯಕ್ಕೆ ಇದ್ದದ್ದೆಲ್ಲ ಬಂದಿದೆ, ಇನ್ನಷ್ಟು ಬರಲೆಂದು ಕಾಯದೆ ಇದನ್ನು ಮೇಲಕ್ಕೆ ದಾಟಿಸು ಎಂಬುದೇ ಪುಶ್ ಬಿಟ್ ಸ್ವೀಕರಿಸುವ ತುದಿಗೆ ಹೇಳುವ ಮಾತು. ಆದರೆ ಲಿನಕ್ಸ್‌ನ ಕರ್ನೆಲ್ ಪುಶ್ ಇರಲಿ ಬಿಡಲಿ, ಕ್ರಮವಾಗಿ ಬಂದ ದತ್ತಾಂಶವನ್ನು ಓದಲು ಒದಗಿಸಿಯೇ ಬಿಡುತ್ತದೆ. ಪುಶ್ ಬಂದದ್ದನ್ನು ಪ್ರೋಗ್ರಾಂಗೆ ತಿಳಿಸಲೇಬೇಕೆಂಬ ನಿಯಮವೂ ಇಲ್ಲ. ನಾವು ಬಳಸುವ ಸಾಕೆಟ್‌ಗಳಲ್ಲಿ ಅದನ್ನು ಕೇಳಿ ತಿಳಿಯುವ ದಾರಿಯೇ ಇಲ್ಲ. ಕಳುಹಿಸುವ ಕಡೆಯಲ್ಲಿಯೂ ಅದನ್ನು ಹಾಕುವುದು ಪ್ರೋಗ್ರಾಂ ಅಲ್ಲ, ಕರ್ನೆಲ್: ಒಂದು `write` ಕೊಟ್ಟ ದತ್ತಾಂಶದ ಕೊನೆಯ ತುಂಡಿಗೆ ಸಾಮಾನ್ಯವಾಗಿ ಪುಶ್ ಅಂಟಿಕೊಳ್ಳುತ್ತದೆ. ಇಲ್ಲಿ ಕ್ಲೈಂಟ್ ಹೆಡರ್ ಅನ್ನು ಒಂದು `write`ನಲ್ಲಿಯೂ ಕಡತವನ್ನು ದೊಡ್ಡ ದೊಡ್ಡ ತುಂಡುಗಳಲ್ಲಿಯೂ ಬರೆದಿದ್ದರಿಂದ, 311 ಬೈಟ್‌ಗಳ ಹೆಡರ್‌ಗೆ ಪುಶ್ ಬಂತು, ದೊಡ್ಡ ತುಂಡಿನ ನಡುಭಾಗಕ್ಕೆ ಬರಲಿಲ್ಲ, ಅಷ್ಟೇ. ಪುಶ್ ಬಂದಲ್ಲಿ ಒಂದು ಸಂದೇಶ ಮುಗಿಯಿತು ಎಂದು ಎಣಿಸಿ ಪ್ರೋಗ್ರಾಂ ಬರೆಯುವುದಂತೂ ಸಲ್ಲದು, ಏಕೆಂದರೆ ಟಿಸಿಪಿ ಕೊಡುವುದು ಬೈಟ್‌ಗಳ ಒಂದು ಪ್ರವಾಹವನ್ನು. ಸಂದೇಶದ ಗಡಿಯನ್ನು ಉದ್ದದಿಂದಲೋ ಗುರುತಿನಿಂದಲೋ ಪ್ರೋಗ್ರಾಂಗಳೇ ಹಾಕಿಕೊಳ್ಳಬೇಕು.

ಹೀಗಾಗಿ ಮೂರನೆಯ ಸಾಲಿನ ಅರ್ಥ ಖಚಿತ. ಸರ್ವರ್‌ನ ಕರ್ನೆಲ್ 13343 ಬೈಟ್‌ಗಳನ್ನೂ ಪಡೆದು ಒಪ್ಪಿಕೊಂಡಿದೆ. ಆದರೆ ಒಪ್ಪಿಕೊಂಡದ್ದು ಕರ್ನೆಲ್ ಮಾತ್ರ. ಪ್ರೋಗ್ರಾಂ ಅದರಲ್ಲಿ ಎಷ್ಟನ್ನು ಓದಿತು ಎಂಬುದನ್ನು ಆಕ್ ಹೇಳುವುದಿಲ್ಲ. ನಮ್ಮ ಪ್ರೋಗ್ರಾಂ ಹೆಡರ್‌ನಷ್ಟನ್ನು ಓದಿ, ಕಡತದ ಉದ್ದ ಮಿತಿ ಮೀರಿದೆ ಎಂದು ಕಂಡು, 195 ಬೈಟ್‌ಗಳ 413 ಉತ್ತರವನ್ನು ಬರೆದು `close` ಕರೆಯಿತು. ಉಳಿದ ಬೈಟ್‌ಗಳು ಕರ್ನೆಲ್‌ನ ಬಫರ್‌ನಲ್ಲಿ ಯಾರೂ ಓದದೆ ಉಳಿದವು.

ದೋಷ ಹುಟ್ಟುವುದು ಇಲ್ಲಿ. ಎಲ್ಲವನ್ನೂ ಓದಿ ಮುಗಿಸಿ ಮುಚ್ಚಿದ್ದರೆ ಐದನೆಯ ಸಾಲಿನಲ್ಲಿ `[F.]` ಇರುತ್ತಿತ್ತು. ಫಿನ್ ಬಂದರೆ ಸ್ವೀಕರಿಸುವ ತುದಿ ತಿಳಿಯುವುದು, ಆ ಕಡೆಯಿಂದ ಇನ್ನು ಹೊಸ ದತ್ತಾಂಶ ಬರುವುದಿಲ್ಲ, ಈವರೆಗೆ ಬಂದದ್ದೆಲ್ಲ ಸುರಕ್ಷಿತ ಎಂದು. ಓದದ ದತ್ತಾಂಶ ಬಫರ್‌ನಲ್ಲಿ ಇರುವಾಗಲೇ ಪ್ರೋಗ್ರಾಂ ಮುಚ್ಚಿದರೆ ಲಿನಕ್ಸ್ ಫಿನ್ ಕಳುಹಿಸುವುದಿಲ್ಲ, ರೀಸೆಟ್ ಕಳುಹಿಸುತ್ತದೆ. ಇದು ಕರ್ನೆಲ್‌ನ ದೋಷವಲ್ಲ. ನೀನು ಕಳುಹಿಸಿದ್ದರಲ್ಲಿ ಒಂದಷ್ಟು ಯಾರನ್ನೂ ತಲುಪಲಿಲ್ಲ ಎಂಬ ಸತ್ಯವನ್ನು ಆ ಕಡೆಗೆ ತಿಳಿಸಬೇಕು ಎಂಬ ಉದ್ದೇಶದಿಂದ 1989ರ ಆರ್‌ಎಫ್‌ಸಿ 1122 ಈ ನಡವಳಿಕೆಯನ್ನೇ ಸೂಚಿಸಿದೆ.

ರೀಸೆಟ್ ತಲುಪಿದ ತುದಿಗೆ ಸಂಪರ್ಕ ಆ ಕ್ಷಣವೇ ಇಲ್ಲವಾಗುತ್ತದೆ. ಅದಕ್ಕೆ ಆಕ್ ಹಿಂತಿರುಗಿಸುವಂತಿಲ್ಲ, ಕಳುಹಿಸಲು ಕಾದಿದ್ದ ದತ್ತಾಂಶ ಬಿದ್ದುಹೋಗುತ್ತದೆ. ಬಂದು ಓದದೆ ಉಳಿದಿದ್ದನ್ನು ಕೆಲವು ವ್ಯವಸ್ಥೆಗಳು ಅಳಿಸಿಬಿಡುತ್ತವೆ. ಅಳಿಸದ ವ್ಯವಸ್ಥೆಯಲ್ಲಿಯೂ ನಮ್ಮ ಕ್ಲೈಂಟ್‌ಗೆ ಲಾಭವಾಗಲಿಲ್ಲ: ಅದು ಕಡತ ಬರೆಯುವುದರಲ್ಲಿಯೇ ಮುಳುಗಿತ್ತು, `write` ದೋಷ ಕೊಟ್ಟಿತು, ಅದು 413 ಓದುವ ಪ್ರಯತ್ನವನ್ನೇ ಮಾಡದೆ ಸಂಪರ್ಕವನ್ನು ಕೈಬಿಟ್ಟಿತು. ಮಿತಿಗಿಂತ ಸ್ವಲ್ಪವೇ ದೊಡ್ಡದಾದ ಕಡತವಾಗಿದ್ದಾಗ ರೀಸೆಟ್ ಬರುವ ಮೊದಲೇ ಬರೆಯುವ ಕೆಲಸ ಮುಗಿದು ಕ್ಲೈಂಟ್ ಓದಲು ತೊಡಗಿರುತ್ತಿತ್ತು; 413 ಒಮ್ಮೊಮ್ಮೆ ಕಾಣಿಸುತ್ತಿದ್ದುದರ ಕಾರಣ ಇದು.

ಈಗ ಚುಕ್ಕೆಯ ಮಾತು. ಐದನೆಯ ಸಾಲು `[R.]`, ಏಳನೆಯದು ಬರಿಯ `[R]`. ಎರಡನ್ನೂ ಕಳುಹಿಸಿದ್ದು ಅದೇ ಕರ್ನೆಲ್, ಆದರೆ ಬೇರೆ ಬೇರೆ ಸ್ಥಿತಿಯಲ್ಲಿ. ಮೊದಲನೆಯದನ್ನು ಕಳುಹಿಸುವಾಗ ಸಂಪರ್ಕದ ಲೆಕ್ಕ ಅದರ ಬಳಿ ಇನ್ನೂ ಇತ್ತು. ಹಾಗಾಗಿ ತನ್ನ ಮುಂದಿನ ಸೀಕ್ವೆನ್ಸ್ ಸಂಖ್ಯೆ 196 ಅನ್ನೂ, ತಾನು ಪಡೆದದ್ದರ ಆಕ್ ಅನ್ನೂ ಸೇರಿಸಿ ಬೇಕೆಂದೇ ಕಡಿದುಹಾಕಿತು. ಆ ಬಳಿಕ ಲೆಕ್ಕ ಅಳಿಸಿಹೋಯಿತು. ದಾರಿಯಲ್ಲಿದ್ದ 14480 ಬೈಟ್‌ಗಳು ಬಂದಾಗ ಕರ್ನೆಲ್‌ಗೆ ಅವು ಯಾವ ಸಂಪರ್ಕದವು ಎಂಬುದೇ ತಿಳಿಯಲಿಲ್ಲ. ಇಂಥ ಸಂದರ್ಭದಲ್ಲಿ ನಿಯಮ ಸರಳವಾಗಿದೆ: ಬಂದ ಸೆಗ್ಮೆಂಟ್‌ನಲ್ಲಿ ಆಕ್ ಇದ್ದರೆ ಅದರ ಆಕ್ ಸಂಖ್ಯೆಯನ್ನೇ ಸೀಕ್ವೆನ್ಸ್ ಸಂಖ್ಯೆಯಾಗಿಸಿ, ಆಕ್ ಬಿಟ್ ಇಲ್ಲದ ರೀಸೆಟ್ ಕಳುಹಿಸಬೇಕು. ಏಳನೆಯ ಸಾಲಿನ ದೊಡ್ಡ ಸಂಖ್ಯೆ ಹೊಸಬರನ್ನು ಬೆಚ್ಚಿಬೀಳಿಸುತ್ತದೆ, ಆದರೆ ಅದು ಆರನೆಯ ಸಾಲಿನ `ack 1` ಮಾತ್ರ. ಆಕ್ ಇಲ್ಲದ ಸೆಗ್ಮೆಂಟ್‌ಗೆ `tcpdump` ಸಾಪೇಕ್ಷ ಸಂಖ್ಯೆ ಲೆಕ್ಕ ಹಾಕದೆ ನಿಜವಾದ ಸಂಖ್ಯೆಯನ್ನೇ ಮುದ್ರಿಸುತ್ತದೆ. `-S` ಕೊಟ್ಟು ಮತ್ತೆ ನೋಡಿದರೆ ಎರಡೂ ಹೊಂದುವುದು ಕಾಣುತ್ತದೆ. ಮೂರನೆಯ ಬಗೆಯೊಂದಿದೆ: ಯಾರೂ ಕೇಳಿಸಿಕೊಳ್ಳದ ಪೋರ್ಟ್‌ಗೆ ಸಿನ್ ಹೋದರೆ ಬರುವ `[R.]`. ಅದರ ಸೀಕ್ವೆನ್ಸ್ ಸಂಖ್ಯೆ ಸೊನ್ನೆ, ಕ್ಲೈಂಟ್ ಅದನ್ನು `Connection refused` ಎಂದು ವರದಿ ಮಾಡುತ್ತದೆ.

ಈ ಗುರುತುಗಳಿಗೆ ಮಿತಿಯಿದೆ. ನಡುವಿನ ಉಪಕರಣ ಯಾವ ರೂಪದ ರೀಸೆಟ್ಟನ್ನಾದರೂ ಸರ್ವರ್‌ನ ಹೆಸರಿನಲ್ಲಿ ಸೃಷ್ಟಿಸಬಲ್ಲದು. ಫೈರ್‌ವಾಲ್ ಅನುಮಾನ ತೀರಿದ್ದು ಎರಡೂ ತುದಿಗಳಲ್ಲಿ ಏಕಕಾಲಕ್ಕೆ ಹಿಡಿದ ದಾಖಲೆಯಿಂದ: ಕ್ಲೈಂಟ್‌ಗೆ ಬಂದ ರೀಸೆಟ್ ಸರ್ವರ್‌ನಿಂದ ಹೊರಟದ್ದೂ ಕಂಡಿತು. ಸರ್ವರ್ ಕಳುಹಿಸದ ರೀಸೆಟ್ ಆಚೆ ತುದಿಗೆ ತಲುಪಿದ್ದರೆ ಮಾತ್ರ ನಡುವಿನವರನ್ನು ಕೇಳಬೇಕಾಗುತ್ತದೆ. ಒಂದೇ ತುದಿಯ ದಾಖಲೆ ಇದ್ದಾಗ `-v` ತೋರಿಸುವ ಟಿಟಿಎಲ್ ಬೆಲೆ ಸ್ವಲ್ಪ ಸುಳಿವು ಕೊಡುತ್ತದೆ. ಅದೇ ಸಂಪರ್ಕದ ಉಳಿದ ಪ್ಯಾಕೆಟ್‌ಗಳಿಗಿಂತ ರೀಸೆಟ್‌ನ ಟಿಟಿಎಲ್ ಬೇರೆಯಾಗಿದ್ದರೆ ಅದು ಬೇರೆ ಜಾಗದಲ್ಲಿ ಹುಟ್ಟಿದೆ ಎಂದು ಶಂಕಿಸಬಹುದು. ಸ್ವೀಕರಿಸುವ ತುದಿಯೂ ಬಂದ ರೀಸೆಟ್ಟನ್ನೆಲ್ಲ ನಂಬುವುದಿಲ್ಲ. 2010ರ ಆರ್‌ಎಫ್‌ಸಿ 5961ರ ಪ್ರಕಾರ ಸೀಕ್ವೆನ್ಸ್ ಸಂಖ್ಯೆ ತಾನು ನಿರೀಕ್ಷಿಸುತ್ತಿರುವ ಮುಂದಿನ ಸಂಖ್ಯೆಗೆ ಸರಿಯಾಗಿ ಹೊಂದಿದರೆ ಮಾತ್ರ ಸಂಪರ್ಕ ಕಡಿಯಬೇಕು. ವಿಂಡೋದೊಳಗೆ ಇದ್ದೂ ಹೊಂದದಿದ್ದರೆ ಆಕ್ ಕಳುಹಿಸಿ ಖಚಿತಪಡಿಸಿಕೊಳ್ಳಬೇಕು. ಹೊರಗಿದ್ದರೆ ಕಸಕ್ಕೆ ಹಾಕಬೇಕು.

ಪರಿಹಾರ ಚರ್ಚಿಸುವಾಗ 413 ಉತ್ತರವನ್ನು ಅರ್ಜೆಂಟ್ ದತ್ತಾಂಶವಾಗಿ, ಅಂದರೆ `MSG_OOB` ಹಾಕಿ ಕಳುಹಿಸಿದರೆ ಕ್ಲೈಂಟ್ ಅದನ್ನು ಮೊದಲು ನೋಡುವುದಲ್ಲವೇ ಎಂಬ ಸಲಹೆ ಬಂತು. ಆ ಬಿಟ್‌ನ ಹೆಸರು ಕೊಡುವ ಭರವಸೆ ದೊಡ್ಡದು, ಕೆಲಸ ಚಿಕ್ಕದು. ಅರ್ಜೆಂಟ್ ಬಿಟ್ ಇದ್ದರೆ ಹೆಡರ್‌ನ 16 ಬಿಟ್‌ಗಳ ಅರ್ಜೆಂಟ್ ಪಾಯಿಂಟರ್‌ಗೆ ಅರ್ಥ ಬರುತ್ತದೆ, ಮತ್ತು ಪ್ರವಾಹದಲ್ಲಿ ಇಲ್ಲಿಯವರೆಗಿನದು ತುರ್ತಿನದು ಎಂಬ ಸೂಚನೆ ಸ್ವೀಕರಿಸುವ ತುದಿಗೆ ಸಿಗುತ್ತದೆ. ಪ್ಯಾಕೆಟ್ ಸರತಿ ತಪ್ಪಿಸಿ ಮುಂದೆ ಓಡುವುದಿಲ್ಲ. ಟೆಲ್‌ನೆಟ್‌ನಲ್ಲಿ ಓಡುತ್ತಿರುವ ಕೆಲಸವನ್ನು ನಿಲ್ಲಿಸುವ ಆಜ್ಞೆ ಕೊಡುವಾಗ, ಅದಕ್ಕೂ ಮೊದಲು ಸೇರಿರುವ ದತ್ತಾಂಶವನ್ನು ಬಿಸಾಡುತ್ತ ಬಾ ಎಂದು ಹೇಳಲು ಇದು ಉಪಯೋಗವಾಗುತ್ತಿತ್ತು. ಸಾಕೆಟ್‌ಗಳು ಇದರಿಂದ ಒಂದೇ ಒಂದು ಬೈಟನ್ನು ಬೇರ್ಪಡಿಸಿ ಕೊಡುತ್ತವೆ, ಆದ್ದರಿಂದ 195 ಬೈಟ್‌ಗಳ ಉತ್ತರಕ್ಕೆ ಅಲ್ಲಿ ಜಾಗವಿಲ್ಲ. ಪಾಯಿಂಟರ್ ತುರ್ತು ದತ್ತಾಂಶದ ಕೊನೆಯ ಬೈಟನ್ನು ತೋರಿಸುತ್ತದೆಯೇ, ಅದರ ಮುಂದಿನದನ್ನೇ ಎಂಬುದರಲ್ಲಿಯೇ ಹಳೆಯ ಬರಹಕ್ಕೂ ಬಳಕೆಗೂ ತಾಳೆಯಿರಲಿಲ್ಲ. 2011ರ ಆರ್‌ಎಫ್‌ಸಿ 6093 ಬಳಕೆಯಲ್ಲಿದ್ದುದನ್ನೇ ಒಪ್ಪಿಕೊಂಡು, ಹೊಸ ಪ್ರೋಗ್ರಾಂಗಳು ಈ ಸೌಲಭ್ಯವನ್ನು ಬಳಸಬಾರದೆಂದು ಹೇಳಿತು. ಕೆಲವು ಫೈರ್‌ವಾಲ್‌ಗಳು ಆ ಬಿಟ್ಟನ್ನು ಅಳಿಸಿಯೇ ಮುಂದೆ ಬಿಡುತ್ತವೆ. ಇಷ್ಟೆಲ್ಲ ದಾಟಿದರೂ ಹಿಂದೆಯೇ ಬರುವ ರೀಸೆಟ್ ಹಾಗೆಯೇ ಇರುತ್ತದೆ.

ನಿಜವಾದ ಪರಿಹಾರ ರೀಸೆಟ್ ಹುಟ್ಟದಂತೆ ನೋಡಿಕೊಳ್ಳುವುದು. ಉತ್ತರ ಬರೆದ ಮೇಲೆ ನಮ್ಮ ಕಡೆಯಿಂದ ಕಳುಹಿಸುವುದನ್ನು ಮಾತ್ರ ಮುಚ್ಚಿ, ಬರುತ್ತಿರುವುದನ್ನು ಓದಿ ಬಿಸಾಡಿ, ಆಮೇಲೆ ಪೂರ್ತಿ ಮುಚ್ಚಬೇಕು.

```
shutdown(fd, SHUT_WR);
while (read(fd, buf, sizeof buf) > 0)
    ;
close(fd);
```

`shutdown` ಫಿನ್ ಕಳುಹಿಸುತ್ತದೆ, ಆದರೆ ಸ್ವೀಕರಿಸುವ ಬಾಗಿಲು ತೆರೆದೇ ಇರುತ್ತದೆ. ಎನ್‌ಜಿನ್‌ಎಕ್ಸ್ ಇದನ್ನೇ `lingering_close` ಎಂಬ ಹೆಸರಿನಲ್ಲಿ ಮಾಡುತ್ತದೆ; ಒಟ್ಟು 30 ಸೆಕೆಂಡ್, ಹೊಸ ದತ್ತಾಂಶ ಬರದೆ 5 ಸೆಕೆಂಡ್ ಎಂಬುದು ಅದರ ಪೂರ್ವನಿಗದಿತ ಮಿತಿ. ಮೇಲಿನ ಕುಣಿಕೆಗೂ ನಾವು ಅದೇ ಎರಡು ಮಿತಿಗಳನ್ನು ಹಾಕಿದೆವು, ಏಕೆಂದರೆ ಮಿತಿಯಿಲ್ಲದಿದ್ದರೆ ಕೇಡು ಬಗೆಯುವ ಕ್ಲೈಂಟ್ ಒಂದೊಂದೇ ಬೈಟ್ ಕಳುಹಿಸುತ್ತ ನಮ್ಮ ಸಂಪರ್ಕವನ್ನು ಹಿಡಿದಿಟ್ಟುಕೊಳ್ಳಬಹುದು. ಕ್ಲೈಂಟ್‌ನಲ್ಲಿಯೂ ಒಂದು ಬದಲಾವಣೆ ಆಯಿತು: ಅದು ಕಡತ ಬರೆಯುವ ನಡುವೆ ಉತ್ತರ ಬಂದಿದೆಯೇ ಎಂದು ನೋಡಿ, ಬಂದಿದ್ದರೆ ಬರೆಯುವುದನ್ನು ನಿಲ್ಲಿಸುತ್ತದೆ. ಈಗಿನ ದಾಖಲೆಯಲ್ಲಿ 413ರ ಹಿಂದೆ `[F.]` ಬರುತ್ತದೆ, ದಾರಿಯಲ್ಲಿದ್ದ ತುಂಡುಗಳಿಗೆ ಸರ್ವರ್ ಆಕ್ ಕೊಡುತ್ತದೆ, ಕ್ಲೈಂಟ್ ತನ್ನ ಫಿನ್ ಕಳುಹಿಸುತ್ತದೆ. ಬದಲಾಯಿಸದ ಹಳೆಯ ಕ್ಲೈಂಟ್ 30 ಸೆಕೆಂಡ್ ಮೀರಿ ಕಳುಹಿಸುತ್ತಲೇ ಇದ್ದರೆ ಅದಕ್ಕೆ ಇಂದಿಗೂ ರೀಸೆಟ್ಟೇ ಸಿಗುತ್ತದೆ.