ಹೋಲಿಕೆ ಸುತ್ತು ಹೊಡೆದರೆ ಸಾರ್ಟ್ ಏನು ಮಾಡೀತು?

ನಮ್ಮ ತಂಡದ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಒಂದಷ್ಟು ಹೆಜ್ಜೆಗಳನ್ನು ಬೇರೆ ಬೇರೆ ಕ್ರಮದಲ್ಲಿ ಓಡಿಸಿ, ಯಾವ ಕ್ರಮದಲ್ಲಿ ಪ್ರೋಗ್ರಾಂ ಕೈಕೊಡುತ್ತದೆ ಅಂತ ನೋಡುತ್ತೇವೆ. ಪ್ರತಿ ಓಟಕ್ಕೂ ಒಂದು ಟ್ಯೂಪಲ್ ಸಿಗುತ್ತದೆ: ಹಿಡಿದ ಸಮಯ, ಕಂಡ ದೋಷಗಳ ಸಂಖ್ಯೆ. ಇವುಗಳನ್ನು ನಿಘಂಟು ಕ್ರಮದಲ್ಲಿ ಜೋಡಿಸುತ್ತೇವೆ. ಮೊದಲು ಸಮಯ ನೋಡು, ಅದು ಸಮ ಆದರೆ ದೋಷ ನೋಡು. ಅಷ್ಟೇ.

ಒಮ್ಮೆ ವಿಚಿತ್ರ ಶುರುವಾಯಿತು. ಅದೇ ಡೇಟಾ, ಆದರೆ ಫೈಲಿನ ಸಾಲುಗಳನ್ನು ಕಲಸಿ ಕೊಟ್ಟರೆ ವರದಿಯ ಕ್ರಮವೇ ಬದಲಾಗುತ್ತಿತ್ತು. ಹೋಲಿಸುವ ಫಂಕ್ಷನ್‌ನಲ್ಲಿ ಒಂದು 'ಅನುಕೂಲ' ಇತ್ತು: ಎರಡು ಸಮಯಗಳ ನಡುವೆ 400 ಮಿಲಿಸೆಕೆಂಡ್‌ಗಿಂತ ಕಡಿಮೆ ವ್ಯತ್ಯಾಸ ಇದ್ದರೆ ಸಮ ಅಂತ ಲೆಕ್ಕ. ಕೇಳಲು ಚೆನ್ನಾಗಿಯೇ ಇದೆ, ಅಲ್ವಾ? ಈ ಮೂರು ಓಟ ನೋಡಿ:

```
A = (1000, 3)
B = (1300, 2)
C = (1600, 1)
```

A ಮತ್ತು B ಸಮಯದಲ್ಲಿ 'ಸಮ', ದೋಷ ಕಡಿಮೆ ಇರುವ B ಮುಂದೆ. B ಮತ್ತು C ಕೂಡ 'ಸಮ', ಹಾಗಾಗಿ C ಮುಂದೆ. ಅಂದರೆ C, B, A. ಈಗ A ಮತ್ತು C ನೇರವಾಗಿ ಹೋಲಿಸಿ. ವ್ಯತ್ಯಾಸ 600, ಆದ್ದರಿಂದ A ಮುಂದೆ! ಹೋಲಿಕೆ ಸುತ್ತು ಹೊಡೆಯಿತು. ಇಂಥ ಮೂವರನ್ನು ಸಾಲಾಗಿ ನಿಲ್ಲಿಸುವ ಸರಿಯಾದ ದಾರಿಯೇ ಇಲ್ಲ. ಸಾರ್ಟ್ ಪಾಪ ಏನೋ ಒಂದು ಕ್ರಮ ಕೊಡುತ್ತದೆ. ಜಾವಾದಲ್ಲಾದರೆ ಕೆಲವೊಮ್ಮೆ `Comparison method violates its general contract!` ಅಂತ ಬೈಯುತ್ತದೆ. ಎಲ್ಲ ಸಲವೂ ಬೈಯುವುದಿಲ್ಲ, ಅದೇ ಜಾಸ್ತಿ ಅಪಾಯ.

ನಿಘಂಟು ಕ್ರಮದ್ದೇ ತಪ್ಪಾ? ಅಲ್ಲ. a < b ಆಗಿದ್ದು ಅವು ಮೊದಲ ಸಲ i ಎಂಬ ಸ್ಥಾನದಲ್ಲಿ ಬೇರೆಯಾಗಲಿ. b < c ಆಗಿದ್ದು ಅವು j ಸ್ಥಾನದಲ್ಲಿ ಬೇರೆಯಾಗಲಿ. i, j ಗಳಲ್ಲಿ ಚಿಕ್ಕದನ್ನು k ಅನ್ನೋಣ. k ಗಿಂತ ಮೊದಲು ಮೂರೂ ಒಂದೇ. k ಸ್ಥಾನದಲ್ಲಿ ಎರಡು ಹೋಲಿಕೆಗಳಲ್ಲಿ ಒಂದಾದರೂ 'ಚಿಕ್ಕದು', ಇನ್ನೊಂದು 'ಚಿಕ್ಕದು' ಅಥವಾ 'ಸಮ'. ಹಾಗಾಗಿ a < c. ಆದರೆ ಇದೆಲ್ಲ ನಡೆಯುವುದು ಪ್ರತಿ ಸ್ಥಾನದ ಒಳಗಿನ ಹೋಲಿಕೆ ಪೂರ್ಣ ಕ್ರಮ ಆಗಿದ್ದರೆ ಮಾತ್ರ, ಅಂದರೆ ಯಾವ ಎರಡನ್ನು ಕೊಟ್ಟರೂ ಹೋಲಿಸಬೇಕು, ಎಲ್ಲೂ ಸುತ್ತು ಹೊಡೆಯಬಾರದು. 'ಹತ್ತಿರ ಇದ್ದರೆ ಸಮ' ಅನ್ನುವುದು ಅಲ್ಲಿಯೇ ಮುರಿಯುತ್ತದೆ. ಸ್ಟ್ರಿಂಗ್‌ಗೂ ಇದೇ ವಾದ ಸಾಕು. ಒಂದು ಪದ ಬೇಗ ಮುಗಿದರೆ, ಆ ಕೊನೆಯನ್ನು ಎಲ್ಲ ಅಕ್ಷರಗಳಿಗಿಂತ ಚಿಕ್ಕ ಗುರುತು ಅಂದುಕೊಳ್ಳಿ.

ಪರಿಹಾರ ಸರಳ. ಹೋಲಿಸುವ ಮೊದಲೇ ಸಮಯವನ್ನು 400ರಿಂದ ಭಾಗಿಸಿ ಪೂರ್ಣಾಂಕ ತೆಗೆದುಕೊಳ್ಳಿ. ಮೇಲಿನವು 2, 3, 4 ಆಗುತ್ತವೆ, A, B, C ಅದೇ ಸಾಲಿನಲ್ಲಿ ನಿಲ್ಲುತ್ತವೆ. 1199 ಮತ್ತು 1200 ಬೇರೆ ಬೇರೆ ಗುಂಪಿಗೆ ಹೋಗುತ್ತವೆ, ನಿಜ. ಆ ಒರಟುತನ ನನಗೆ ಒಪ್ಪಿಗೆ, ಸುತ್ತು ಒಪ್ಪಿಗೆಯಿಲ್ಲ. ಈಗ ನಾವು 200 ದಾಖಲೆ ತೆಗೆದುಕೊಂಡು, ಎಲ್ಲಾದರೂ ಸುತ್ತು ಇದೆಯಾ ಅಂತ ಎಲ್ಲ ತ್ರಿವಳಿಗಳನ್ನೂ ಪರೀಕ್ಷಿಸುತ್ತೇವೆ. 80 ಲಕ್ಷ ತ್ರಿವಳಿ, ಕಂಪ್ಯೂಟರಿಗೆ ಅದು ಏನೂ ಅಲ್ಲ.

ಕ್ರಮ ಗಟ್ಟಿಯಾದ ಮೇಲೆ ಅದರಿಂದ ಇನ್ನೊಂದು ಲಾಭ ಸಿಕ್ಕಿತು. ಕೈಕೊಟ್ಟ ಹೆಜ್ಜೆಗಳ ಕ್ರಮವನ್ನು ಲಾಗ್‌ನಲ್ಲಿ ಉದ್ದಕ್ಕೆ ಬರೆಯುವ ಬದಲು, ನಿಘಂಟು ಕ್ರಮದಲ್ಲಿ ಆ ಕ್ರಮಯೋಜನೆ ಎಷ್ಟನೆಯದು ಅನ್ನುವ ಒಂದೇ ಸಂಖ್ಯೆ ಬರೆಯುತ್ತೇವೆ. 3 1 4 2 ತೆಗೆದುಕೊಳ್ಳಿ, ಎಣಿಕೆ 0ಯಿಂದ. ಮೊದಲ ಸ್ಥಾನದಲ್ಲಿ 3ಕ್ಕಿಂತ ಚಿಕ್ಕವು ಎರಡು, ಪ್ರತಿಯೊಂದರಿಂದಲೂ ಶುರುವಾಗುವವು 6. ಅಲ್ಲಿಗೆ 12 ಹಿಂದೆ ಬಿದ್ದವು. ಆಮೇಲೆ 1, ಉಳಿದವುಗಳಲ್ಲಿ ಅದಕ್ಕಿಂತ ಚಿಕ್ಕದಿಲ್ಲ. ಮುಂದೆ 4, ಉಳಿದಿರುವುದು 2 ಮತ್ತು 4, ಚಿಕ್ಕದು ಒಂದು. ಒಟ್ಟು 13. 12ನೆಯದು 3 1 2 4, ಅದರ ಮುಂದಿನದೇ ನಮ್ಮದು.

```python
def rank(p):
    rest = sorted(p)
    r = 0
    for x in p:
        k = rest.index(x)
        r = r * len(rest) + k
        rest.pop(k)
    return r
```

ಫ್ಯಾಕ್ಟೋರಿಯಲ್ ಬೇರೆ ಲೆಕ್ಕ ಹಾಕಬೇಕಿಲ್ಲ, ಗುಣಿಸುತ್ತಾ ಹೋದಂತೆ ತಾನಾಗಿ ಸೇರಿಕೊಳ್ಳುತ್ತದೆ. ವಾಪಸ್ ಬರಲು ಭಾಗಿಸಬೇಕು. 13ರಲ್ಲಿ 6 ಎರಡು ಸಲ, ಶೇಷ 1, ಹಾಗಾಗಿ ಮೊದಲು ಬರುವುದು 3. 1ರಲ್ಲಿ 2 ಸೊನ್ನೆ ಸಲ, ಆದ್ದರಿಂದ 1. ಉಳಿದ 2 ಮತ್ತು 4ರಲ್ಲಿ ಶೇಷ 1 ತೋರಿಸುವುದು 4, ಕೊನೆಗೆ 2.

ಪರೀಕ್ಷೆಗೆ 5 ಹೆಜ್ಜೆಗಳ 120 ಕ್ರಮಗಳನ್ನೂ ಸಾರ್ಟ್ ಮಾಡಿ, ಸಂಖ್ಯೆ 0ಯಿಂದ 119ರವರೆಗೆ ಸಾಲಾಗಿ ಬರುತ್ತದಾ ಅಂತ ನೋಡಿ. ಆದರೆ ಹೆಜ್ಜೆಗಳಲ್ಲಿ 9 ಮತ್ತು 10 ಎರಡನ್ನೂ ಸೇರಿಸಿ. ಒಂದು ಕಡೆ ಸ್ಟ್ರಿಂಗ್ ಆಗಿ, ಇನ್ನೊಂದು ಕಡೆ ಪೂರ್ಣಾಂಕವಾಗಿ ಹೋಲಿಸಿದ್ದರೆ ಆಗ ಬಯಲಾಗುತ್ತದೆ, ಯಾಕೆಂದರೆ ಸ್ಟ್ರಿಂಗ್‌ನಲ್ಲಿ `"10"` ಬರುವುದು `"9"`ಕ್ಕಿಂತ ಮೊದಲು. ಎರಡೂ ಪೂರ್ಣ ಕ್ರಮಗಳೇ, ಆದರೆ ಬೇರೆ ಬೇರೆ. 64 ಬಿಟ್ ಸಂಖ್ಯೆಯಲ್ಲಿ ಇಡುವುದಾದರೆ 20 ಹೆಜ್ಜೆಗೆ ನಿಲ್ಲಿಸಿ, 21ರ ಫ್ಯಾಕ್ಟೋರಿಯಲ್ ಅದರಲ್ಲಿ ಹಿಡಿಯುವುದಿಲ್ಲ.

ಒಂದೇ ಹೆಜ್ಜೆ ಎರಡು ಸಲ ಬಂದರೆ ಮೇಲಿನ ಕೋಡ್ ಸಾಲದು. A A B C ಗೆ ಇರುವುದು 24 ಕ್ರಮ ಅಲ್ಲ, 12. ಆಗ ಪ್ರತಿ ಸ್ಥಾನದಲ್ಲೂ ಚಿಕ್ಕದಾದ ಪ್ರತಿ ಬೇರೆ ಬೇರೆ ಅಕ್ಷರವನ್ನು ಇಟ್ಟು, ಉಳಿದವುಗಳ ಕ್ರಮಗಳನ್ನು ಎಣಿಸಿ ಕೂಡಬೇಕು. B A C A ಗೆ: A ಇಂದ ಶುರುವಾಗುವವು 6, ಮೂರನೆಯ ಸ್ಥಾನದಲ್ಲಿ C ಬದಲು A ಇಟ್ಟರೆ 1. ಒಟ್ಟು 7.