1555ನೇ ಅಕ್ಷರ

ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಇವೆಲ್ಲ ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿಕೊಂಡು, ಅದು ತಪ್ಪು ತಪ್ಪಾಗಿ ಪ್ರೋಟೀನ್ ಕಟ್ಟುವಂತೆ ಮಾಡುವ ಔಷಧಿಗಳು. ನಮ್ಮ ಜೀವಕೋಶದ ರೈಬೋಸೋಮಿನ ರಚನೆ ಬೇರೆ, ಅದಕ್ಕೇ ನಾವು ಬಚಾವ್. ಆದರೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಒಳಗೆ ಅದರದೇ ಬೇರೆ ರೈಬೋಸೋಮ್ ಇದೆ, 16,569 ಅಕ್ಷರಗಳ ಉಂಗುರದಂಥ ಡಿಎನ್ಎ ಕೂಡ ಇದೆ. ಎರಡೂ ಬ್ಯಾಕ್ಟೀರಿಯಾ ವಂಶದವು.

ಆ ಉಂಗುರದ 1555ನೇ ಜಾಗದಲ್ಲಿ ಕೆಲವರಿಗೆ ಎ ಬದಲು ಜಿ ಇರುತ್ತದೆ. ಒಂದೇ ಅಕ್ಷರ. ಅಷ್ಟಕ್ಕೇ ಅವರ ಮೈಟೊಕಾಂಡ್ರಿಯಾದ ರೈಬೋಸೋಮ್ ಆ ಜಾಗದಲ್ಲಿ ಬ್ಯಾಕ್ಟೀರಿಯಾದ್ದನ್ನೇ ಹೋಲತೊಡಗುತ್ತದೆ, ಔಷಧಿ ಅಲ್ಲೂ ಗಟ್ಟಿಯಾಗಿ ಅಂಟುತ್ತದೆ. ಒಳಕಿವಿಯಲ್ಲಿ ಶಬ್ದ ಗ್ರಹಿಸುವ ಕೂದಲುಕೋಶಗಳು ಸಾಯುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ, ಹೋದ ಕಿವಿ ಹೋದಂತೆಯೇ. ಈ ಔಷಧಿಗಳ ಪ್ರಮಾಣ ಹೆಚ್ಚಾದರೆ ಯಾರಿಗಾದರೂ ಕಿವಿ ಹೋಗಬಹುದು, ನಿಜ. ಆದರೆ ಇವರಿಗೆ ಮಾಮೂಲಿ ಡೋಸ್ ಕೂಡ ಸಾಕಾಗಬಹುದು. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ. ಹಾಗಾಗಿ ಇಂಜೆಕ್ಷನ್ ಆದಮೇಲೆ ತಾಯಿಗೋ ಅಜ್ಜಿಗೋ ಸೋದರಮಾವನಿಗೋ ಕಿವಿ ಮಂದವಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಗಿಡ, ಪಾಚಿಗಳ ಕೋಶದೊಳಗಿನ ಹಸಿರು ಭಾಗವಾದ ಕ್ಲೋರೋಪ್ಲಾಸ್ಟ್ ಕೂಡ ಬ್ಯಾಕ್ಟೀರಿಯಾ ವಂಶದ್ದೇ, ಅದರ ಸಾಕ್ಷಿ ಕಣ್ಣಿಗೇ ಕಾಣುತ್ತದೆ. ಕೊಳದ ನೀರಿನ ಹಸಿರು ಏಕಕೋಶ ಜೀವಿ ಯೂಗ್ಲೀನಾವನ್ನು ಸ್ಟ್ರೆಪ್ಟೊಮೈಸಿನ್ ಹಾಕಿ ಬೆಳೆಸಿದರೆ ಕೋಶ ಸಾಯುವುದಿಲ್ಲ, ಒಡೆದು ಎರಡಾಗುತ್ತಲೇ ಇರುತ್ತದೆ. ಆದರೆ ಔಷಧಿ ಕ್ಲೋರೋಪ್ಲಾಸ್ಟಿಗೆ ತಗಲುವುದರಿಂದ ಕೆಲವು ತಲೆಮಾರಿನಲ್ಲಿ ಬಣ್ಣ ಬಿಳಚುತ್ತದೆ. ಆಮೇಲೆ ಔಷಧಿ ತೆಗೆದರೂ ಹಸಿರು ವಾಪಸ್ ಬರುವುದಿಲ್ಲ, ಏಕೆಂದರೆ ಹೊಸ ಕ್ಲೋರೋಪ್ಲಾಸ್ಟ್ ಹುಟ್ಟುವುದು ಹಳೆಯ ಕ್ಲೋರೋಪ್ಲಾಸ್ಟ್ ಒಡೆದು ಮಾತ್ರ.

ಔಷಧಿಗೆ ಸಿಕ್ಕಿಬೀಳುವುದೊಂದೇ ರಕ್ತಸಂಬಂಧದ ಪುರಾವೆಯಲ್ಲ. ರೈಬೋಸೋಮಿನ ಆರ್‌ಎನ್‌ಎ ಅಕ್ಷರಗಳನ್ನು ಸಾಲಾಗಿಟ್ಟು ಹೋಲಿಸಿದಾಗ ಮೈಟೊಕಾಂಡ್ರಿಯಾ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾಗಳ ಹತ್ತಿರ ನಿಲ್ಲುತ್ತದೆ, ಕ್ಲೋರೋಪ್ಲಾಸ್ಟ್ ಸಯನೋಬ್ಯಾಕ್ಟೀರಿಯಾಗಳ ನಡುವೆ.