ಐದನೇ ಹಂತದಲ್ಲಿ ಉಕ್ಕಿದ ಚಹಾ

ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿನ ಯುಪಿಎಸ್ ಬ್ಯಾಟರಿ ಸತ್ತು ಬಹಳ ಕಾಲವಾಗಿದೆ. ಇಂಡೆಂಟ್ ಕಳುಹಿಸಿದ್ದೇವೆ, ನೆನಪೋಲೆಯನ್ನೂ ಬರೆದಿದ್ದೇವೆ, ಬ್ಯಾಟರಿ ಮಾತ್ರ ಬಂದಿಲ್ಲ. ಹಾಗಾಗಿ ಎಂಟನೇ ತರಗತಿಯವರಿಗೆ, ಕೆಲಸವೊಂದನ್ನು ಹಂತಹಂತವಾಗಿ ಬಿಡಿಸಿ ಬರೆಯುವ ಅಲ್ಗಾರಿದಮ್ ಪಾಠ ಮಾಡಬೇಕಾದ ದಿನ ಕರೆಂಟ್ ಹೋದಾಗ, ಮಕ್ಕಳನ್ನು ಬಿಸಿಯೂಟದ ಕೋಣೆಗೆ ಕರೆದುಕೊಂಡು ಹೋಗಿ, ಅಡುಗೆಯಕ್ಕನ ಅನುಮತಿ ಪಡೆದು, ಚಹಾ ಮಾಡುವ ವಿಧಾನವನ್ನೇ ಪಾಠವಾಗಿಸಿದೆ.

ಹಂತಗಳನ್ನು ಮಕ್ಕಳೇ ಹೇಳಿದರು, ನಾನು ರಟ್ಟಿನ ಮೇಲೆ ಬರೆದೆ. ಎರಡು ಲೋಟ ನೀರು ಒಲೆಗೇರಿಸು, ಶುಂಠಿ ಜಜ್ಜಿ ಹಾಕಿ ಕುದಿಸು, ಎರಡು ಚಮಚ ಚಹಾಪುಡಿ, ಮೂರು ಚಮಚ ಸಕ್ಕರೆ ಹಾಕು, ಎರಡು ಲೋಟ ಹಾಲು ಸುರಿ, ಉಕ್ಕಿದರೆ ಉರಿ ಸಣ್ಣ ಮಾಡು, ಲೋಟ, ಜರಡಿ ತೊಳೆದು ಜೋಡಿಸು, ಸೋಸು. ಹಂತಗಳನ್ನು ಬರೆಸುವಾಗ ಹೊರಗಿದ್ದ ಒಬ್ಬ ಹುಡುಗಿಯನ್ನು ಕರೆದು, ರಟ್ಟಿನಲ್ಲಿ ಇದ್ದಷ್ಟನ್ನೇ ಮಾಡಬೇಕು, ಇಲ್ಲದ್ದನ್ನು ಮಾಡಬಾರದು ಎಂದು ಹೇಳಿದೆ. ಉಳಿದವರು ಬಾಯಿ ಬಿಡುವಂತಿರಲಿಲ್ಲ. ಅಡುಗೆಯಕ್ಕ ಮಾತ್ರ ಒಲೆಯ ಗುಬ್ಬಿಯ ಹತ್ತಿರವೇ ನಿಂತಿದ್ದರು.

ನಾಲ್ಕನೇ ಹಂತದವರೆಗೆ ಎಲ್ಲವೂ ಸುಸೂತ್ರವಾಗಿ ಸಾಗಿತು. ಹಾಲು ಸುರಿದ ಮೇಲೆ ಹುಡುಗಿ ಐದನೇ ಸಾಲನ್ನು ಓದಿ, ಪಾತ್ರೆಯೊಳಗೆ ಬಗ್ಗಿ ನೋಡಿದಳು. ಅಂಚಿನಲ್ಲಿ ಸಣ್ಣ ಗುಳ್ಳೆಗಳಿದ್ದವು, ಉಕ್ಕಿರಲಿಲ್ಲ. ಆರನೇ ಸಾಲನ್ನು ಓದಿ, ಲೋಟ ತೊಳೆಯಲು ನಲ್ಲಿಯ ಕಡೆಗೆ ಹೋದಳು. ಅಲ್ಲಿಂದಾಚೆಗೆ ಆ ಕೋಣೆಯಲ್ಲಿ ಉಸಿರಾಡಲೂ ಯಾರಿಗೂ ಧೈರ್ಯವಾಗಲಿಲ್ಲ. ಹಾಲು ಕಾದಂತೆ ಅದರ ಪ್ರೋಟೀನು, ಕೊಬ್ಬು ಸೇರಿ ಮೇಲೊಂದು ಕೆನೆಪದರ ಕಟ್ಟುತ್ತದೆ. ಕೆಳಗಿನ ಆವಿ ಹೊರಹೋಗಲು ದಾರಿಯಿಲ್ಲದೆ ನೊರೆಯಾಗಿ ಆ ಪದರವನ್ನೇ ಎತ್ತಿಕೊಂಡು ಬರುತ್ತದೆ. ಬಹಳ ಹೊತ್ತು ಸುಮ್ಮನಿದ್ದ ಪಾತ್ರೆ ಕೆಲವೇ ಕ್ಷಣಗಳಲ್ಲಿ ಕಂಠದವರೆಗೆ ತುಂಬಿತು. ಮಕ್ಕಳು ಬಾಯಿ ಮುಚ್ಚಿಕೊಂಡು ನನ್ನ ಮುಖ ನೋಡುತ್ತಿದ್ದರು. "ಏ ಪುಟ್ಟಿ, ಉಕ್ತಾ ಇದೆ ನೋಡೇ!" ಎನ್ನುತ್ತಾ ಅಡುಗೆಯಕ್ಕ ಗುಬ್ಬಿ ತಿರುಗಿಸುವಷ್ಟರಲ್ಲಿ ಚಹಾ ಒಲೆಯ ಮೇಲೆ ಹರಿದಿತ್ತು.

ತರಗತಿಯೆಲ್ಲ ಅವಳನ್ನೇ ಬೈಯತೊಡಗಿತು. ಅವಳು ಕಣ್ಣು ತುಂಬಿಕೊಂಡು, "ಸರ್, ಐದನೇದು ಮಾಡಿದೀನಿ. ನೋಡಿದಾಗ ಉಕ್ಕಿರಲಿಲ್ಲ. ಮತ್ತೆ ನೋಡು ಅಂತ ಎಲ್ಲೂ ಬರೆದಿಲ್ಲ" ಎಂದಳು.

ಅವಳು ಹೇಳಿದ್ದು ಪೂರ್ತಿ ಸರಿ. "ಉಕ್ಕಿದರೆ" ಎಂಬ ಹಂತವು ಸ್ಥಿತಿಯನ್ನು ಒಂದೇ ಸಲ ಪರೀಕ್ಷಿಸಿ ಮುಂದಕ್ಕೆ ಹೋಗುತ್ತದೆ. ನಮಗೆ ಬೇಕಾಗಿದ್ದದ್ದು ಉಕ್ಕುವವರೆಗೂ ಬಿಡದೆ ಪರೀಕ್ಷಿಸುವ ಹಂತ. ಮನೆಯಲ್ಲಿ ಅಮ್ಮ ಅಷ್ಟೇ ಹೇಳಿದರೂ ಚಹಾ ಉಕ್ಕುವುದಿಲ್ಲ, ಏಕೆಂದರೆ ಉಳಿದದ್ದನ್ನು ನಾವು ನಮ್ಮ ಅನುಭವದಿಂದ ತುಂಬಿಕೊಳ್ಳುತ್ತೇವೆ. ಕಂಪ್ಯೂಟರಿಗೆ ಆ ಅನುಭವವಿಲ್ಲ. ಕರೆಂಟ್ ಬಂದ ಮೇಲೆ ಇವೆರಡನ್ನೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೀಗೆ ತೋರಿಸಿದೆ:

```
if ukkitu():
    uri_sanna()

while not ukkitu():
    nodu()
uri_sanna()
```

ಆದರೆ ಅದಕ್ಕೂ ಮೊದಲು, ಅಡುಗೆಕೋಣೆಯಲ್ಲಿ ಒಲೆ ಒರೆಸುತ್ತಲೇ, ಅದೇ ಹುಡುಗಿ ಇನ್ನೂ ಒಳ್ಳೆಯ ಪ್ರಶ್ನೆಯೊಂದನ್ನು ಕೇಳಿದ್ದಳು. "ಉಕ್ಕುವವರೆಗೂ ನೋಡುತ್ತಿರು ಅಂತ ಬರೆದರೆ, ನಡುವೆ ಗ್ಯಾಸ್ ಖಾಲಿಯಾದರೆ ನಾನು ಸಂಜೆವರೆಗೂ ನಿಂತಿರಬೇಕಾ ಸರ್?" ಅಲ್ಗಾರಿದಮ್ ಎನಿಸಿಕೊಳ್ಳಲು ಹಂತಗಳು ಸ್ಪಷ್ಟವಾಗಿದ್ದರೆ ಸಾಲದು, ಅವು ಒಂದು ಕಡೆ ಮುಗಿಯಲೂ ಬೇಕು ಎಂಬುದನ್ನು ನಾನು ಮುಂದಿನ ಪಿರಿಯಡ್‌ಗೆ ಇಟ್ಟುಕೊಂಡಿದ್ದೆ, ಅವಳು ತಾನಾಗಿ ಅಲ್ಲಿಗೆ ಬಂದಿದ್ದಳು. ಮಕ್ಕಳು ಚರ್ಚಿಸಿ, "ಉಕ್ಕುವವರೆಗೆ ಅಥವಾ ಹತ್ತು ನಿಮಿಷ ಆಗುವವರೆಗೆ" ಎಂದು ತಿದ್ದಿದರು. ಆಗ ಇನ್ನೊಂದು ಹಂತ ಬೇಕಾಯಿತು: ಕಾಯುವುದು ನಿಂತದ್ದು ಯಾವ ಕಾರಣಕ್ಕೆ ಎಂದು ನೋಡಬೇಕು, ಉಕ್ಕಿದ್ದರೆ ಉರಿ ಸಣ್ಣ ಮಾಡಬೇಕು, ಸಮಯ ಮೀರಿದ್ದರೆ ಗುಬ್ಬಿ ಬಂದ್ ಮಾಡಿ ಅಡುಗೆಯಕ್ಕನನ್ನು ಕರೆಯಬೇಕು.

ಹಂತಗಳ ಕ್ರಮದ ವಿಷಯವೂ ಅಲ್ಲೇ ಬಂತು. ಸಕ್ಕರೆಯನ್ನು ಹಾಲಿಗಿಂತ ಮೊದಲೇ ಹಾಕಿ, ಆಮೇಲೆ ಹಾಕಿ, ವ್ಯತ್ಯಾಸವಿಲ್ಲ. ಶುಂಠಿ ಹಾಗಲ್ಲ, ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವವಿದ್ದು, ಅದನ್ನು ನೀರಿನಲ್ಲಿ ಮೊದಲು ಕುದಿಸದಿದ್ದರೆ ಹಾಲು ಒಡೆಯಬಹುದು. ಇದನ್ನು ನನಗಿಂತ ಚೆನ್ನಾಗಿ ಅಡುಗೆಯಕ್ಕ ವಿವರಿಸಿದರು.

ಲೆಸನ್ ಪ್ಲಾನಿನ ನಮೂನೆಯಲ್ಲಿ ಇಂಥದ್ದಕ್ಕೆ ಕಾಲಮ್ ಇಲ್ಲ, ತಪಾಸಣೆಗೆ ಬಂದವರು ವಹಿಯಲ್ಲಿ ವ್ಯಾಖ್ಯೆ ಬರೆಸಿದ್ದೇವೆಯೇ ಎಂದಷ್ಟೇ ನೋಡುತ್ತಾರೆ. ಈ ಪದ್ಧತಿ ಬದಲಾಗಲೇಬೇಕು. ನಾನಂತೂ ಎಫ್‌ಎ ಎಂಬ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗೆ ಈಗ ಇದನ್ನೇ ಇಟ್ಟಿದ್ದೇನೆ: ಒಂದು ಗುಂಪು ಬರೆದ ಹಂತಗಳನ್ನು ಅವನ್ನು ಕಂಡೇ ಇರದ ಇನ್ನೊಂದು ಗುಂಪಿನ ಮಗು ನಡೆಸಬೇಕು, ಅದು ಎಲ್ಲಿ ತಡವರಿಸುತ್ತದೋ ಆ ಸಾಲಿಗೆ ಬರೆದವರ ಅಂಕ ಕಡಿಮೆಯಾಗುತ್ತದೆ, ನಡೆಸಿದ ಮಗುವಿನದಲ್ಲ.